ಕೊಟ್ಟ ಕರೆಂಟು, ಬೇಕಾದ ಕರೆಂಟು

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕೆಲವರು ಮೇಲ್ ಮಾಡಿ "ಬದುಕಿದ್ದೀರೇನ್ರಿ?" ಅಂತ ಕೇಳಿದ್ದೂ ಆಯಿತು. ಬದುಕಿದ್ದೇನೆ :-) ಕೆಲಸ ಜಾಸ್ತಿ, ಸೋಮಾರಿತನ ಅದಕ್ಕಿಂತ ಜಾಸ್ತಿ. ಇವತ್ತು ಬರೆಯಲು ಕೂತದ್ದಕ್ಕೆ ಕಾರಣ ಒಂದು ಕ್ಯಾಲೆಂಡರು.

ನಾನಿರುವುದು ಬೆಳಗಾವಿಯಲ್ಲಿ, ಕೋಟೆ ಕೆರೆಗೆ ಹತ್ತಿರ. ನಮ್ಮ ಸೋದರಮಾವನ ಹೊಲ ಇರುವುದು ಖಾನಾಪುರ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯಿಂದ ಸ್ವಲ್ಪ ಒಳಗೆ. ಮೂರು ಎಕರೆ ಕಬ್ಬು, ಉಳಿದದ್ದು ಭತ್ತ, ಒಂದು ಬೋರು, ಒಂದು ಐದು ಎಚ್‌ಪಿ ಮೋಟರು. ಹೋದ ಸಲ ಊರಿಗೆ ಹೋದಾಗ ಪಡಸಾಲೆಯ ಗೋಡೆಗೆ ತೂಗು ಹಾಕಿದ್ದ ಕ್ಯಾಲೆಂಡರು ನೋಡಿದೆ. ಪ್ರತಿ ತಾರೀಖಿನ ಮನೆಯಲ್ಲೂ ಬಾಲ್‌ಪೆನ್ನಿನಿಂದ ಸಣ್ಣ ಸಣ್ಣ ಅಂಕಿ. ಹಾಲಿನ ಲೆಕ್ಕ ಇರಬೇಕು ಅಂದುಕೊಂಡೆ. ಅಲ್ಲ. ಮಾಮಾ ಹೇಳಿದರು:

"ಏ ತಮ್ಮಾ, ಅದು ಹಾಲಿಂದಲ್ಲೋ. ತ್ರೀಫೇಜ್ ಎಷ್ಟಕ್ಕ ಬಂತು, ಎಷ್ಟಕ್ಕ ಹೋತು ಬರದಿಟ್ಟೇನಿ. ನಡುವ ಹೋಗಿದ್ದೂ ಐತಿ ನೋಡು."

ಯಾಕೆ ಮಾಮಾ ಇದೆಲ್ಲ ಅಂದರೆ, "ಸಬ್‌ಸ್ಟೇಷನ್ದವರು ಏಳು ತಾಸು ಕೊಟ್ಟೇವಿ ಅಂತಾರ. ನಂದೂ ಒಂದು ಲೆಕ್ಕ ಇರ್ಲಿ ಅಂತ" ಅಂದರು. ಆಮೇಲೆ ನಕ್ಕು, "ನಿಂದೂ ಅದ ಉದ್ಯೋಗ ಅಲ್ಲೇನು? ಕರೆಂಟಿನ ಜ್ಯೋತಿಷ್ಯ?" ಅಂತ ಕಾಲೆಳೆದರು.

ಹೌದು, ನನ್ನ ಉದ್ಯೋಗ ಅದೇ. ಸಣ್ಣದೊಂದು ಕಂಪನಿಯಲ್ಲಿ, ಹೆಸರು ಬೇಡ, ನಾಳೆ ಎಷ್ಟು ವಿದ್ಯುತ್ ಬೇಕಾಗುತ್ತದೆ ಮತ್ತು ನಾಳೆ ಸೂರ್ಯ ಎಷ್ಟು ಕೊಡುತ್ತಾನೆ ಎಂದು ಮುಂಚೆಯೇ ಹೇಳುವ ತಂತ್ರಾಂಶದ ಮೇಲೆ ನಾನು ಕೆಲಸ ಮಾಡುತ್ತೇನೆ. ಈಗ ಇದಕ್ಕೆಲ್ಲ 'ಎಐ' ಅನ್ನುವುದು ರೂಢಿ. ಹತ್ತು ವರ್ಷದ ಕೆಳಗೆ ಇದನ್ನೇ ಸ್ಟ್ಯಾಟಿಸ್ಟಿಕ್ಸ್ ಅನ್ನುತ್ತಿದ್ದೆವು, ಸಂಬಳ ಕಡಿಮೆ ಇತ್ತು. ಇರಲಿ. ಆ ಕ್ಯಾಲೆಂಡರು ನೋಡಿದ ಮೇಲೆ ನನ್ನ ಕೆಲಸದ ಬಗ್ಗೆಯೇ ಒಂದು ಅನುಮಾನ ಹುಟ್ಟಿ ಗಟ್ಟಿಯಾಗಿಬಿಟ್ಟಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ವಿದ್ಯುತ್ತನ್ನು ನೀರಿನ ಹಾಗೆ ಟ್ಯಾಂಕಿನಲ್ಲಿ ತುಂಬಿಟ್ಟು ಬಿಡುವುದು ದೊಡ್ಡ ಪ್ರಮಾಣದಲ್ಲಿ ಇನ್ನೂ ಆಗಿಲ್ಲ. ಈ ಕ್ಷಣ ಉರಿಯುವಷ್ಟನ್ನು ಈ ಕ್ಷಣವೇ ಎಲ್ಲಾದರೂ ಹುಟ್ಟಿಸಬೇಕು. ಹೆಚ್ಚು ಕಡಿಮೆಯಾದರೆ ಗ್ರಿಡ್ಡಿನ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಜಾರುತ್ತದೆ. ಬೇಡಿಕೆ ಹೆಚ್ಚಾದರೆ ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಇದನ್ನು ಕಾಯುವವರು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರಿನವರು. ಅವರ ದಿನ 24 ಗಂಟೆಯದ್ದಲ್ಲ, 96 ತುಂಡಿನದ್ದು. ಪ್ರತಿ ತುಂಡು 15 ನಿಮಿಷ, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಒಂದೊಂದು ಬ್ಲಾಕಿಗೂ ಹಿಂದಿನ ದಿನವೇ ಬೇಡಿಕೆ ಎಷ್ಟು, ರಾಯಚೂರು-ಬಳ್ಳಾರಿಯ ಕಲ್ಲಿದ್ದಲಿನಿಂದ ಎಷ್ಟು, ಶರಾವತಿಯಿಂದ ಎಷ್ಟು, ಪಾವಗಡದ ಬಿಸಿಲಿನಿಂದ ಎಷ್ಟು ಎಂದು ಬರೆದಿಡಬೇಕು. ಕಲ್ಲಿದ್ದಲು ಮತ್ತು ನೀರು ಹೇಳಿದ ಮಾತು ಬಹುಮಟ್ಟಿಗೆ ಕೇಳುತ್ತವೆ. ಬಿಸಿಲು ಕೇಳುವುದಿಲ್ಲ, ಜನರೂ ಕೇಳುವುದಿಲ್ಲ. ಹಾಗಾಗಿ ಈ ಎರಡನ್ನು ಊಹಿಸಲು ನಮ್ಮಂಥವರು.

ಬಿಸಿಲಿನ ಊಹೆಯಲ್ಲಿ ತಪ್ಪಾಗುವುದು ಹೇಗೆ ಎಂದು ಹೇಳಿದರೆ ಮುಂದಿನದು ಸುಲಭ. ನಾಳೆಯ ಲೆಕ್ಕಕ್ಕೆ ಹವಾಮಾನದ ಕಂಪ್ಯೂಟರ್ ಮಾದರಿಗಳು, ಮುಂದಿನ ಎರಡು ಮೂರು ಗಂಟೆಯ ಲೆಕ್ಕಕ್ಕೆ ಉಪಗ್ರಹದ ಚಿತ್ರದಲ್ಲಿ ಮೋಡ ಯಾವ ಕಡೆ ಹೊರಟಿದೆ ಎಂಬ ಗತಿ. ಇವೆರಡನ್ನೂ ಹಳೆಯ ಉತ್ಪಾದನೆಯ ದಾಖಲೆಯನ್ನೂ ಕಲಸಿ ಮಾಡೆಲ್ ಕಲಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಸೂರ್ಯನದ್ದೇ ಪ್ರಶ್ನೆಯಾದರೆ ತೊಂದರೆಯೇ ಇಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಲ್ಲ? ಕಾಸರಗೋಡಿನ ಚೆರುವತ್ತೂರಿನಲ್ಲಿ ಪೂರ್ತಿ ಬಳೆಯೇ ಕಂಡಿತ್ತು. ಬೆಳಗ್ಗೆ ಸುಮಾರು 8ರಿಂದ 11ರ ತನಕ ದಕ್ಷಿಣದ ಸೋಲಾರ್ ಉತ್ಪಾದನೆ ಕುಸಿದು ಮತ್ತೆ ಎದ್ದಿತು. ಪಾವಗಡದ 2,050 ಮೆಗಾವಾಟಿನ ಪಾರ್ಕು ಆಗತಾನೆ ಪೂರ್ತಿಯಾಗಿತ್ತು. ಆದರೂ ಏನೂ ಆಗಲಿಲ್ಲ, ಯಾಕೆಂದರೆ ಯಾವ ನಿಮಿಷಕ್ಕೆ ಎಷ್ಟು ಮುಚ್ಚುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಪಂಚಾಂಗದವರಿಗೂ ಗೊತ್ತಿತ್ತು :-)

ಕಷ್ಟ ಇರುವುದು ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ. ನಮ್ಮ ಕಡೆ ಅಡ್ಡಮಳೆ ಅನ್ನುತ್ತೇವಲ್ಲ, ಅದು. ಒಂದು ಗಂಟೆಯವರೆಗೆ ಸುಡು ಬಿಸಿಲು, ಎರಡೂವರೆಗೆ ಪಡುವಣದಲ್ಲಿ ಕಪ್ಪಗೆ ಒಂದು ಗೋಡೆ, ಮೂರಕ್ಕೆ ಗಾಳಿ. ಆ ಮೋಡ ಉಪಗ್ರಹದ ಚಿತ್ರದಲ್ಲಿ ಒಂದು ಗಂಟೆ ಮುಂಚೆ ಇರುವುದೇ ಇಲ್ಲ. ಹರಿದು ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು. ಇಂಥ ದಿನ ಮಾಡೆಲ್ ಏನು ಮಾಡುತ್ತದೆ ಗೊತ್ತಾ? ಒಂದು 50 ಮೆಗಾವಾಟಿನ ಸೋಲಾರ್ ಘಟಕ ಇದೆ ಅನ್ನಿ. ಹಿಂದೆ ಇಂಥದೇ ಹತ್ತು ದಿನಗಳಲ್ಲಿ ಐದು ದಿನ ಮೋಡ ಹುಟ್ಟಿ 10 ಮೆಗಾವಾಟಿಗೆ ಇಳಿದಿದೆ, ಐದು ದಿನ ಹುಟ್ಟದೆ 40 ಬಂದಿದೆ. ಸರಾಸರಿ ತಪ್ಪು ಕಡಿಮೆ ಇರಲಿ ಎಂದು ಕಲಿಸಿದ ಮಾಡೆಲ್ 25 ಅನ್ನುತ್ತದೆ. ಅದರ ಲೆಕ್ಕದಲ್ಲಿ ಅದು ಸರಿ. ಆದರೆ 25 ಅನ್ನುವುದು ಆ ಹತ್ತರಲ್ಲಿ ಒಂದು ದಿನವೂ ಆಗಲಿಲ್ಲ! ಅರ್ಧ ಛತ್ರಿ ಹಿಡಿದು ಹೋಗು ಅಂದ ಹಾಗೆ.

ತಪ್ಪಿಗೆ ದಂಡ ಇಲ್ಲವೇ ಅಂದರೆ ಇದೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, 2015ರಲ್ಲಿ ಗಾಳಿ ಮತ್ತು ಸೋಲಾರಿಗಾಗಿ ನಿಯಮಾವಳಿ ಮಾಡಿತು. ಅದರಲ್ಲಿ ತಪ್ಪನ್ನು ಅಳೆಯುವುದು ಘಟಕದ ಪೂರ್ಣ ಸಾಮರ್ಥ್ಯದ ಶೇಕಡಾವಾರಿನಲ್ಲಿ. ಶೇ 15ರ ವರೆಗೆ ದಂಡವಿಲ್ಲ, 15ರಿಂದ 25ರ ಭಾಗಕ್ಕೆ ಯೂನಿಟ್ಟಿಗೆ 50 ಪೈಸೆ, 25ರಿಂದ 35ಕ್ಕೆ 1 ರೂಪಾಯಿ, ಅದರ ಮೇಲಿನದಕ್ಕೆ ಒಂದೂವರೆ. ಮೇಲಿನ ಘಟಕವನ್ನೇ ತೆಗೆದುಕೊಳ್ಳಿ. 40 ಕೊಡುತ್ತೇನೆ ಎಂದು ಬರೆದುಕೊಟ್ಟು ಒಂದು ಬ್ಲಾಕಿನಲ್ಲಿ 22 ಕೊಟ್ಟಿತು. 18 ಮೆಗಾವಾಟ್ ಕೊರತೆ, ಹದಿನೈದು ನಿಮಿಷಕ್ಕೆ 4,500 ಯೂನಿಟ್. ಶೇಕಡಾ ಲೆಕ್ಕದಲ್ಲಿ 36. ಹಂತ ಹಂತವಾಗಿ ಕೂಡಿಸಿದರೆ ದಂಡ ಸುಮಾರು 2,060 ರೂಪಾಯಿ. ಅಂದರೆ ಬಾರದೆ ಹೋದ ಯೂನಿಟ್ಟಿಗೆ ಸರಾಸರಿ 46 ಪೈಸೆ. ಅದೇ ಯೂನಿಟ್ಟನ್ನು ಬಿಗುವಿನ ದಿನ ಪವರ್ ಎಕ್ಸ್‌ಚೇಂಜಿನಲ್ಲಿ ಕೊಳ್ಳಹೋದರೆ ಬೆಲೆ 10 ರೂಪಾಯಿಯ ಮಿತಿಯವರೆಗೂ ಮುಟ್ಟಿದ್ದುಂಟು. ಅದೂ ಕೂಡ ಈ ಕ್ಷಣಕ್ಕೆ ಸಿಗುವುದಿಲ್ಲ. ಘಟಕದವರು ತಮ್ಮ ಅಂಕಿ ತಿದ್ದಿದರೂ ಅದು ಜಾರಿಗೆ ಬರುವುದು ನಾಲ್ಕನೇ ಬ್ಲಾಕಿನಿಂದ. ಕಣ್ಣೆದುರು ಮೋಡ ಕಂಡವನಿಗೆ ಆ ಮೋಡ ಹೋದ ಮೇಲೆ ಮಾತಾಡುವ ಅವಕಾಶ!

ಉಳಿದ ವೆಚ್ಚ ಯಾರದು? ಅದು ಈ ಬರಹದ ಪ್ರಶ್ನೆ. ಅದಕ್ಕೆ ಮುಂಚೆ ಇನ್ನೊಂದು ಊಹೆಯ ಕಡೆ, ಅಂದರೆ ಬೇಡಿಕೆಯ ಕಡೆ, ಬರೋಣ.

ಬೆಳಗಾವಿಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಒಂದೇ ಜಿಲ್ಲೆಯಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯೂ ಇದೆ, ಅದೇ ನದಿ ಹೋಗಿ ನಿಲ್ಲುವ ಸವದತ್ತಿಯೂ ಇದೆ. ಕಣಕುಂಬಿಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಸವದತ್ತಿ ಕಡೆ ಅದೇ ವಾರ ಧೂಳು. ಈ ನಡುವೆ ಸಾವಿರಾರು ಪಂಪ್‌ಸೆಟ್ಟು. ರಾಜ್ಯದಲ್ಲಿ ಒಟ್ಟು 30 ಲಕ್ಷಕ್ಕೂ ಹೆಚ್ಚು, 10 ಎಚ್‌ಪಿವರೆಗೆ ಉಚಿತ, ಬಹುತೇಕಕ್ಕೆ ಮೀಟರಿಲ್ಲ. ಹವೆ ಬದಲಾದರೆ ಬೇಡಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಏರಿಳಿಸುವ ಹೊರೆ ಇದು, ಎಲ್ಲಕ್ಕಿಂತ ಕಡಿಮೆ ಅಳತೆಗೆ ಸಿಗುವುದೂ ಇದೇ.

ನಮ್ಮ ಆಫೀಸಿನಲ್ಲಿ ಬಹಳ ದಿನ ಒಂದು ಸಮಾಧಾನ ಇತ್ತು: ಮೋಡ ಬಂದರೆ ಸೋಲಾರ್ ಇಳಿಯುತ್ತದೆ, ನಿಜ, ಆದರೆ ಮಳೆ ಬಂದು ರೈತರು ಮೋಟರ್ ಬಂದ್ ಮಾಡುತ್ತಾರಲ್ಲ, ಬೇಡಿಕೆಯೂ ಇಳಿಯುತ್ತದೆ, ಎರಡೂ ತಪ್ಪು ಒಂದನ್ನೊಂದು ಹೊಡೆದುಹಾಕುತ್ತವೆ ಅಂತ. ಮಾಮಾನಿಗೆ ಇದನ್ನು ಹೇಳಿದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ, "ಮಾಡ ಹಾಕಿದ್ದಕ್ಕ ಯಾಂವ ಮೋಟರ್ ಬಂದ್ ಮಾಡ್ತಾನೋ? ನೀರು ಬಿದ್ದ ಮ್ಯಾಲ ಬಂದ್ ಮಾಡೂದು" ಅಂದರು.

ಇಷ್ಟೇ ವಿಷಯ, ಆದರೆ ನೋಡಿ. ಮೋಡಕ್ಕೆ ಸೋಲಾರ್ ಇಳಿಯುತ್ತದೆ, ಮಳೆಗೆ ಪಂಪು ನಿಲ್ಲುತ್ತದೆ. ಎರಡರ ನಡುವೆ ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಇಡೀ ದಿನ. ಮೋಡ ಕವಿದು ಮಳೆ ಬಾರದೆ ಹೋದರೆ ಸೋಲಾರ್ ಇಲ್ಲ, ಪಂಪುಗಳು ಮಾತ್ರ ಪೂರ್ತಿ ಓಡುತ್ತಿರುತ್ತವೆ. ಪಟ್ಟಣದಲ್ಲಿ ಮನೆಯ ಮೇಲೆ ಸೋಲಾರ್ ಹಾಕಿಸಿಕೊಂಡವರೂ ಆಗಲೇ ಗ್ರಿಡ್ಡಿನಿಂದ ಎಳೆಯಲು ಶುರು ಮಾಡುತ್ತಾರೆ. ಕೇಂದ್ರದವರಿಗೆ ಆ ಮಾಳಿಗೆಯ ಪ್ಯಾನೆಲ್‌ಗಳು ಒಂದೊಂದಾಗಿ ಕಾಣುವುದಿಲ್ಲ, ಬೇಡಿಕೆ ಇದ್ದಕ್ಕಿದ್ದಂತೆ ಏರಿದ್ದು ಮಾತ್ರ ಕಾಣುತ್ತದೆ. ಅಂದರೆ ಎರಡೂ ತಪ್ಪು ಒಂದೇ ಕಡೆಗೆ ಕೂಡಿಕೊಂಡವು. ಇನ್ನು ಗುಡುಗು ಸಿಡಿಲಿನ ಜೊತೆ ಮಳೆ ಬಂದು ಕಂಬ ಬಿದ್ದು ಲೈನೇ ಟ್ರಿಪ್ಪಾದರೆ ಬೇಡಿಕೆ ಒಮ್ಮೆಲೇ ಮಾಯ. ಆಗ ಉತ್ಪಾದನೆಯೇ ಹೆಚ್ಚಾಗಿ ಕೂರುತ್ತದೆ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಊಹೆ ತಪ್ಪಿದಾಗ ಆ ಅಂತರವನ್ನು ಯಾವುದಾದರೂ ಒಂದು ತುಂಬಲೇಬೇಕು. ತುಂಬುವುದು ಯಾವುದು?

ಕೆಲವೊಮ್ಮೆ ನೀರು. 2020ರ ಏಪ್ರಿಲ್ 5, ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸಿ ಅಂದ ದಿನ. ಮನೆಗಳ ದೀಪದ ಹೊರೆ ಲೆಕ್ಕ ಹಾಕಿ ದೇಶದ ಬೇಡಿಕೆ 12ರಿಂದ 13 ಸಾವಿರ ಮೆಗಾವಾಟ್ ಇಳಿಯಬಹುದು ಅಂದುಕೊಂಡಿದ್ದರು. ಇಳಿದದ್ದು 31 ಸಾವಿರಕ್ಕೂ ಹೆಚ್ಚು. ಊಹೆಯ ಎರಡೂವರೆ ಪಟ್ಟು! ಹಿಂದೆ ಇಂಥದ್ದು ನಡೆದೇ ಇರಲಿಲ್ಲ, ಯಾವ ದಾಖಲೆಯಿಂದ ಕಲಿಯುವುದು? ಆದರೂ ಫ್ರೀಕ್ವೆನ್ಸಿ 49.70 ಮತ್ತು 50.26ರ ನಡುವೆಯೇ ಉಳಿಯಿತು. ಕಾರಣ, ಜಲವಿದ್ಯುತ್ತನ್ನು ಮೊದಲೇ ಏರಿಸಿಟ್ಟುಕೊಂಡಿದ್ದು, ನಿಮಿಷಗಳಲ್ಲಿ ಸುಮಾರು 17,500 ಮೆಗಾವಾಟ್ ಇಳಿಸಿ ಮತ್ತೆ ಏರಿಸಿದರು. ನನ್ನ ಮಟ್ಟಿಗೆ ಆ ರಾತ್ರಿಯ ವಿಷಯ ದೀಪವಲ್ಲ. ಊಹೆ ಅಷ್ಟು ದೊಡ್ಡದಾಗಿ ತಪ್ಪಿದರೂ ಯಾರಿಗೂ ತಿಳಿಯಲೇ ಇಲ್ಲ, ಯಾಕೆಂದರೆ ತಪ್ಪನ್ನು ತುಂಬಲು ಕೈಯಲ್ಲಿ ನೀರಿತ್ತು.

ನೀರಿಲ್ಲದಿದ್ದರೆ? 2023 ನೋಡಿ. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶದ ಅತ್ಯಂತ ಒಣ ಆಗಸ್ಟ್. ಸಾಮಾನ್ಯವಾಗಿ ಆಗಸ್ಟಿನಿಂದ ಅಕ್ಟೋಬರಿನ ತನಕ ಪಂಪ್‌ಸೆಟ್ಟಿಗೆ ಕೆಲಸ ಕಡಿಮೆ, ಕೇಂದ್ರಗಳನ್ನು ದುರಸ್ತಿಗೆ ನಿಲ್ಲಿಸುವುದೂ ಆ ದಿನಗಳಲ್ಲೇ. ಆ ವರ್ಷ ಮಳೆಗಾಲದಲ್ಲೇ ಮೋಟರುಗಳು ಓಡಿದವು. ಅಕ್ಟೋಬರಿನಲ್ಲಿ ರಾಜ್ಯದ ಬೇಡಿಕೆ 15 ಸಾವಿರ ಮೆಗಾವಾಟ್ ದಾಟಿತು. ಮಳೆಗಾಲದ ಬೇಡಿಕೆ ಅಂತ ಯಾವ ಮಾಡೆಲ್ಲೂ ಅದನ್ನು ಹೇಳುವಂತಿರಲಿಲ್ಲ. ಜಲಾಶಯಗಳು ತುಂಬಿರಲಿಲ್ಲ, ಹಾಗಾಗಿ 2020ರ ಉಪಾಯವೂ ಇಲ್ಲ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಇಲ್ಲಿಯೇ ಕೊಡಬೇಕು ಎಂದಿತು, ಉತ್ತರ ಪ್ರದೇಶ, ಪಂಜಾಬಿನಿಂದ ಆಮೇಲೆ ವಾಪಸ್ ಕೊಡುವ ಕರಾರಿನಲ್ಲಿ ಕೈಸಾಲದ ಕರೆಂಟು ತಂದಿತು. ಅಷ್ಟಾದರೂ ಉಳಿದ ಅಂತರ ತುಂಬಿದ್ದು ರೈತರ ಫೀಡರು. 7 ಗಂಟೆಯ ತ್ರೀಫೇಜ್ 5 ಗಂಟೆಗೆ ಇಳಿಯಿತು. ಪಕ್ಕದ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನೇ ಹಗ್ಗ ಕಟ್ಟಿ ಹೆಸ್ಕಾಂ ಸಬ್‌ಸ್ಟೇಷನ್ನಿಗೆ ತಂದದ್ದು ಆ ಅಕ್ಟೋಬರಿನಲ್ಲೇ. ರಾತ್ರಿ ಕರೆಂಟು ಕೊಟ್ಟರೆ ನಾವು ಇಂಥದ್ದರ ನಡುವೆ ನೀರು ಹಾಯಿಸಬೇಕು, ಹಗಲು ಕೊಡಿ ಎಂಬುದು ಅವರ ಮಾತು. ಪೇಪರಿನಲ್ಲಿ ಎಲ್ಲರೂ ನಕ್ಕು ಓದಿದ ಸುದ್ದಿ. ಖಾನಾಪುರದಲ್ಲಿ ಮೊಸಳೆಯ ಜಾಗದಲ್ಲಿ ಕರಡಿ, ಅಷ್ಟೇ ವ್ಯತ್ಯಾಸ.

ಕೇಂದ್ರದಲ್ಲಿ ಕೂತವರನ್ನು ನಾನು ಬೈಯುತ್ತಿಲ್ಲ. ಫ್ರೀಕ್ವೆನ್ಸಿ ಇಳಿಯುತ್ತಿರುವಾಗ ಅವರು ಏನನ್ನಾದರೂ ಕತ್ತರಿಸಲೇಬೇಕು. ತಡ ಮಾಡಿದರೆ 49.4 ಹರ್ಟ್ಸ್‌ಗೆ ರಿಲೇಗಳೇ ಕತ್ತರಿಸುತ್ತವೆ, ಅದಕ್ಕೆ ಆಸ್ಪತ್ರೆ, ಊರು, ಹೊಲ ಎಂಬ ವಿಚಾರಕ್ಕೆ ಸಮಯ ಇರುವುದಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಆದ ಮೇಲೆ ಪಂಪಿನ ಲೈನು ಕತ್ತರಿಸಲು ಬಲು ಅನುಕೂಲ. ಕತ್ತಲಾಗುವುದಿಲ್ಲ, ಟಿವಿ ನಿಲ್ಲುವುದಿಲ್ಲ, ಫೋನು ಬರುವುದಿಲ್ಲ. ಹೀಗೆ ಯಾರೂ ಹೇಳದೆಯೇ ರೈತರ ಫೀಡರು ನಮ್ಮ ರಾಜ್ಯದ ಮೀಸಲು ಸಾಮರ್ಥ್ಯ ಆಗಿಬಿಟ್ಟಿದೆ. ಬ್ಯಾಟರಿಯ ಕೆಲಸ ಮಾಡುತ್ತದೆ, ಬ್ಯಾಟರಿಯ ದುಡ್ಡು ಮಾತ್ರ ಸಿಗುವುದಿಲ್ಲ.

ಇಲ್ಲಿಯವರೆಗಿನದು ಬಹಳ ಜನಕ್ಕೆ ಗೊತ್ತು. ಕ್ಯಾಲೆಂಡರಿನಿಂದ ನನಗೆ ಹೊಳೆದದ್ದು ಇದರ ಮುಂದಿನದು.

ನಾನು ಮಾಮಾನ ಕ್ಯಾಲೆಂಡರಿನ ನಾಲ್ಕು ಪುಟಗಳ ಫೋಟೋ ತೆಗೆದುಕೊಂಡು ಬೆಳಗಾವಿಗೆ ಬಂದೆ. ಅವರ ಕಡೆಯ ಫೀಡರಿನ ದಾಖಲೆ ಪಕ್ಕಕ್ಕಿಟ್ಟು ಕೂತೆ. ಒಂದು ದಿನ ಮಾಮಾ ಬರೆದಿದ್ದರು: 10ಕ್ಕೆ ಬಂತು, 2.15ಕ್ಕೆ ಹೋತು, 3.30ಕ್ಕೆ ಬಂತು. ದಾಖಲೆಯಲ್ಲಿ 2.15ರಿಂದ 3.30ರ ತನಕ ಐದು ಬ್ಲಾಕು, ಐದರಲ್ಲೂ ಸೊನ್ನೆ. ಕೆಟ್ಟುಹೋಗಿತ್ತು ಅಂತಲೂ ಇಲ್ಲ, ಕತ್ತರಿಸಿದೆವು ಅಂತಲೂ ಇಲ್ಲ. ಬರೀ ಸೊನ್ನೆ. ಮತ್ತು ನಮ್ಮ ಮಾಡೆಲ್ ಆ ಕಾಲಂ ಅನ್ನು 'ಬೇಡಿಕೆ' ಎಂದೇ ಓದುತ್ತಿತ್ತು.

ಅದು ಬೇಡಿಕೆಯಲ್ಲ. ಅದು ಕೊಟ್ಟದ್ದು. ಬೇಕಾಗಿದ್ದು ಬೇರೆ.

ಸಣ್ಣ ಲೆಕ್ಕ ಹಾಕೋಣ. ಒಂದು 11 ಕೆವಿ ಫೀಡರಿನ ಮೇಲೆ ಐದು ಎಚ್‌ಪಿಯ 400 ಮೋಟರ್ ಇವೆ ಎಂದುಕೊಳ್ಳಿ. ಒಂದೊಂದು ಲೈನಿನಿಂದ ಸುಮಾರು ನಾಲ್ಕೂವರೆ ಕಿಲೋವಾಟ್ ಎಳೆಯುತ್ತದೆ. ಎಲ್ಲ ಓಡಿದರೆ 1.8 ಮೆಗಾವಾಟ್. ಇಂಥ ನೂರು ಫೀಡರು ಒಂದೇ ಹೊತ್ತಿಗೆ ಕತ್ತರಿಸಿದರೆ 180 ಮೆಗಾವಾಟ್, ಅಂದರೆ ಮೇಲೆ ಹೇಳಿದ 50 ಮೆಗಾವಾಟಿನ ಹತ್ತು ಘಟಕಗಳು ಒಮ್ಮೆಗೇ ಕಡಿಮೆ ಕೊಟ್ಟ 18-18 ಮೆಗಾವಾಟಿಗೆ ಸರಿಯಾಗಿ ಸಮ. ಅಂತರ ತುಂಬಿತು. ಆ ದಿನದ ಕಡತದಲ್ಲಿ ಏನು ಉಳಿಯಿತು? 'ಮೋಡ ಕವಿದ ಮಧ್ಯಾಹ್ನ, ಬೇಡಿಕೆ 180 ಮೆಗಾವಾಟ್ ಕಡಿಮೆ.' ಮುಂದಿನ ವರ್ಷ ಮಾಡೆಲ್ ಇದನ್ನು ಶ್ರದ್ಧೆಯಿಂದ ಕಲಿಯುತ್ತದೆ: ಮೋಡ ಕವಿದರೆ ಜನಕ್ಕೆ ಕರೆಂಟು ಕಡಿಮೆ ಬೇಕು! ಆ ಕಲಿಕೆಯ ಮೇಲೆ ನಾಳೆಗೆ ಕಡಿಮೆ ಕೊಳ್ಳುತ್ತಾರೆ, ಕಡಿಮೆ ಮೀಸಲು ಇಡುತ್ತಾರೆ, ಮೋಡ ಬಂದಾಗ ಮತ್ತೆ ಕತ್ತರಿಸುತ್ತಾರೆ. ನಮ್ಮ ಆಫೀಸಿನಲ್ಲಿ ಎರಡೂ ತಪ್ಪು ಒಂದನ್ನೊಂದು ಹೊಡೆದುಹಾಕುತ್ತವೆ ಅನ್ನುವ ಸಮಾಧಾನ ಇತ್ತು ಅಂದೆನಲ್ಲ, ಅದು ಎಲ್ಲಿಂದ ಬಂದಿತ್ತು ಎಂದು ಆಗ ಗೊತ್ತಾಯಿತು. ಅದು ಪ್ರಕೃತಿಯ ಗುಣವಲ್ಲ. ಯಾರೋ ಸ್ವಿಚ್ ಇಳಿಸಿದ್ದು.

ಇನ್ನೂ ಒಂದು ತಮಾಷೆ, ತಮಾಷೆ ಅನ್ನುವುದೋ ಬೇಡವೋ. ಬಿಗುವಿನ ದಿನಗಳಲ್ಲಿ ಕೇಂದ್ರದವರು ಎಲ್ಲಿಯವರೆಗೆ ಕತ್ತರಿಸುತ್ತಾರೆ? ಕೈಯಲ್ಲಿರುವ ವಿದ್ಯುತ್ತಿಗೆ ಸರಿಹೊಂದುವ ತನಕ. ಕೈಯಲ್ಲಿರುವುದು ಎಷ್ಟು? ಹಿಂದಿನ ದಿನ ಊಹೆ ಹೇಳಿದಷ್ಟು. ಅಂದರೆ ಬೇಡಿಕೆಯನ್ನು ಊಹೆಯ ಮಟ್ಟಕ್ಕೇ ತಂದು ಕೂಡಿಸುತ್ತಾರೆ. ಹಾಗಾಗಿ ತಿಂಗಳ ಕೊನೆಗೆ ನಿಖರತೆಯ ವರದಿ ತೆಗೆದರೆ ಅತಿ ಹೆಚ್ಚು ಕತ್ತರಿಸಿದ ದಿನಗಳಲ್ಲೇ ಊಹೆ ಅತಿ ನಿಖರ ಎಂದು ಬರುತ್ತದೆ! ಮಗ ಫೇಲಾಗುತ್ತಾನೆ ಎಂದು ಭವಿಷ್ಯ ಹೇಳಿದವನೇ ಪೇಪರು ತಿದ್ದಲು ಕೂತ ಹಾಗೆ. ನಾನು ಅಂಥ ವರದಿ ನೋಡಿ ಹೆಮ್ಮೆಪಟ್ಟ ದಿನವೂ ಇದೆ, ಒಪ್ಪಿಕೊಳ್ಳುತ್ತೇನೆ. ಯಾರಾದರೂ ನಿಮಗೆ 'ನಮ್ಮ ಎಐ ಶೇ 97 ನಿಖರ' ಅಂದರೆ ಕೇಳಬೇಕಾದ ಪ್ರಶ್ನೆ ಇದು: ಆ ದಿನಗಳಲ್ಲಿ ಎಷ್ಟು ಫೀಡರು ಇಳಿಸಿದ್ದರು?

ಇದಕ್ಕೆ ದಾರಿ ಇಲ್ಲದಿಲ್ಲ, ದೊಡ್ಡ ತಂತ್ರಜ್ಞಾನವೂ ಬೇಡ. ಕತ್ತರಿಸಿದ ಪ್ರತಿ ಬ್ಲಾಕಿಗೂ 'ಇದು ಕತ್ತರಿಸಿದ್ದು' ಎಂಬ ಗುರುತು ಹಾಕಬೇಕು, ಅಷ್ಟೇ. ಆ ಬ್ಲಾಕನ್ನು ಸೊನ್ನೆ ಎಂದು ಕಲಿಸದೆ ಖಾಲಿ ಎಂದು ಕಲಿಸಬೇಕು. ಖಾಲಿ ಜಾಗದಲ್ಲಿ ಎಷ್ಟು ಇರಬಹುದಿತ್ತು ಎನ್ನುವುದಕ್ಕೆ ಸಾಕ್ಷಿ ಅಲ್ಲೇ ಇರುತ್ತದೆ. ಕತ್ತರಿಸುವ ಮುಂಚಿನ ಬ್ಲಾಕು ಒಂದು ಸಾಕ್ಷಿ. ಇನ್ನೊಂದು, ಕರೆಂಟು ಮರಳಿ ಬಂದ ಮೇಲಿನದು. ಬಹಳ ರೈತರು ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿದ್ದಾರೆ, ಕರೆಂಟು ಬಂದ ಕ್ಷಣಕ್ಕೆ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ, ಮೊದಲ ಕ್ಷಣಗಳಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತವೆ. ಲೈನ್‌ಮನ್‌ಗಳು ಫೀಡರು ಏರಿಸಿದ ತಕ್ಷಣ ಮತ್ತೆ ಟ್ರಿಪ್ಪಾಗುವುದು ಇದಕ್ಕೇ. ಆ ನೆಗೆತ ಬಿಟ್ಟು ಮುಂದಿನ ಬ್ಲಾಕು ನೋಡಿದರೆ ಎಷ್ಟು ಜನ ಕಾಯುತ್ತಿದ್ದರು ಎಂದು ಹೆಚ್ಚು ಕಡಿಮೆ ತಿಳಿಯುತ್ತದೆ. ಮಳೆ ಬಿದ್ದು ತಾವೇ ಬಂದ್ ಮಾಡಿದ್ದಾದರೆ ಆ ಏರಿಕೆ ಇರುವುದೇ ಇಲ್ಲ.

ಎರಡನೆಯದು, ಒಂದೇ ಅಂಕಿ ಹೇಳುವ ಚಟ ಬಿಡಬೇಕು. ಅಡ್ಡಮಳೆಯ ದಿನ '25' ಅನ್ನುವ ಬದಲು '10 ಆಗಬಹುದು, 40 ಆಗಬಹುದು, ನಡುವಿನದು ಅನುಮಾನ' ಎಂದು ಹೇಳುವುದು ಮಾಡೆಲ್ಲಿಗೆ ಬರುತ್ತದೆ. ಕೇಳುವವರು ಇಲ್ಲ, ಯಾಕೆಂದರೆ ಶೆಡ್ಯೂಲಿನ ಚೌಕದಲ್ಲಿ ಒಂದೇ ಅಂಕಿಗೆ ಜಾಗ. ಆದರೆ ಮೀಸಲು ಎಷ್ಟಿರಬೇಕು ಎಂದು ತೀರ್ಮಾನಿಸುವವರಿಗೆ ಬೇಕಾದದ್ದು ಆ 10, ಸರಾಸರಿ 25 ಅಲ್ಲ. ಅಂಥ ದಿನ ಜಲವಿದ್ಯುತ್ತನ್ನು ಬೆಳಗ್ಗೆಯೇ ಖರ್ಚು ಮಾಡದೆ ಮಧ್ಯಾಹ್ನಕ್ಕೆ ಉಳಿಸಿಕೊಳ್ಳಬಹುದು. ಅಥವಾ, ಕತ್ತರಿಸಲೇಬೇಕಾದರೆ, 'ಇವತ್ತು 2ರಿಂದ 4ರ ತನಕ ಹೋಗಬಹುದು, ಬೆಳಗ್ಗೆ 8ಕ್ಕೇ ಕೊಡುತ್ತೇವೆ' ಎಂದು ಹಿಂದಿನ ರಾತ್ರಿ ಒಂದು ಎಸ್ಸೆಮ್ಮೆಸ್ಸು ಕಳಿಸಬಹುದು. ಮಾಮಾನಂಥವರು ಅದಕ್ಕೆ ಬೇಡ ಅನ್ನುವುದಿಲ್ಲ. ಅವರ ಸಿಟ್ಟು ಕರೆಂಟು ಹೋಗಿದ್ದಕ್ಕಿಂತ, ಯಾವಾಗ ಬರುತ್ತದೆ ಎಂದು ತಿಳಿಯದೆ ರಾತ್ರಿ ಹೊಲದಲ್ಲಿ ಬ್ಯಾಟರಿ ಹಿಡಿದು ಕೂರಬೇಕಾಗಿದ್ದಕ್ಕೆ.

ಒಬ್ಬ ಗೆಳೆಯ ಇದನ್ನು ಕೇಳಿ, "ಉಚಿತ ಕರೆಂಟಿಗೆ ಇಷ್ಟು ಮರ್ಯಾದೆ ಯಾಕೆ? ದುಡ್ಡು ಕೊಡುವವರು ಕಾಯಬೇಕಾ?" ಅಂದ. ಒಂದು ಮಟ್ಟಿಗೆ ಸರಿ, ಮೀಟರು ಹಾಕಬೇಕು, ನಾನೂ ಒಪ್ಪುತ್ತೇನೆ. ಬಿಲ್ಲಿಗಲ್ಲದಿದ್ದರೂ ಲೆಕ್ಕಕ್ಕೆ ಬೇಕು. ಆದರೆ ಮೀಟರ್ ಅಂದರೆ ಬಿಲ್ಲು ಬರುತ್ತದೆ ಎಂಬ ಹೆದರಿಕೆ ಹಳ್ಳಿಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ಹೋಗಲಾಡಿಸುವ ಮಾತು ಯಾರೂ ನೆಟ್ಟಗೆ ಆಡಿಲ್ಲ. ಮತ್ತೆ, ಉಚಿತ ಎಂದು ಹೇಳಿದ ಕರೆಂಟಿನ ದುಡ್ಡನ್ನು ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ಕೊಡುತ್ತದೆ, ಅಂದಾಜಿನ ಮೇಲೆ. ಕೊಟ್ಟ ತಾಸಿನ ಲೆಕ್ಕವೇ ಸರಿಯಿಲ್ಲದಿದ್ದರೆ ಆ ಅಂದಾಜು ಎಷ್ಟು ಸರಿ? ಅದು ಬೇರೆ ಪೋಸ್ಟಿನ ವಿಷಯ.

ಎಸ್‌ಎಲ್‌ಡಿಸಿ ಜಾಲತಾಣದಲ್ಲಿ ಈ ಕ್ಷಣದ ಫ್ರೀಕ್ವೆನ್ಸಿ, ರಾಜ್ಯದ ಬೇಡಿಕೆ, ಸೋಲಾರ್ ಉತ್ಪಾದನೆ ಎಲ್ಲ ಕಾಣುತ್ತದೆ, ಒಮ್ಮೆ ಹೋಗಿ ನೋಡಿ, ಮಧ್ಯಾಹ್ನ ಮೋಡ ಬಂದಾಗ ನೋಡಿದರೆ ಇನ್ನೂ ಚೆನ್ನ. ಅಲ್ಲಿ ನನಗೆ ಇನ್ನೂ ಒಂದು ಸಾಲು ಬೇಕು: ನಿನ್ನೆ ಏನು ಊಹಿಸಿದ್ದೆವು, ಏನಾಯಿತು, ಎಷ್ಟು ಕತ್ತರಿಸಿದೆವು, ಯಾವ ತಾಲ್ಲೂಕಿನಲ್ಲಿ. ಹಳ್ಳಿಯಲ್ಲಿ ನೆಂಟರಿರುವ ಬ್ಲಾಗಿಗರು ಬಹಳ ಜನ ಇದ್ದೀರಿ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕರೆಂಟು ಬಂದು ಹೋದ ಹೊತ್ತು ಬರೆದಿಡುತ್ತಿದ್ದರೆ ಕಮೆಂಟಿನಲ್ಲಿ ತಿಳಿಸಿ. ಜಿಲ್ಲೆ ಮತ್ತು ತಿಂಗಳು ಸಾಕು, ಹೆಸರು ಬೇಡ.

ಆಫೀಸಿನಲ್ಲಿ ಈಗ ನಮ್ಮ ದಾಖಲೆಗೆ ಹೊಸದೊಂದು ಕಾಲಂ ಸೇರಿಸಿದ್ದೇವೆ. ಸದ್ಯಕ್ಕೆ ಅದರಲ್ಲಿ ತುಂಬಿರುವುದು ಒಂದೇ ಫೀಡರಿನ ನಾಲ್ಕು ತಿಂಗಳು, ಮಾಮಾನ ಅಕ್ಷರದಿಂದ ನಾನೇ ಕೂತು ಟೈಪ್ ಮಾಡಿದ್ದು. ಅವರ 7 ಎಲ್ಲ 1ರ ಹಾಗೆ ಕಾಣುತ್ತದೆ, ಫೋನ್ ಮಾಡಿ ಕೇಳಿ ಕೇಳಿ ತಿದ್ದಿದೆ. ಕೊನೆಯ ಸಲ ಮಾಡಿದಾಗ ರಾತ್ರಿ ಹತ್ತಾಗಿತ್ತು, ಅತ್ತೆ ಎತ್ತಿಕೊಂಡರು.

"ನಿಮ್ಮ ಮಾಮಾ ಮನ್ಯಾಗಿಲ್ಲಪ್ಪಾ. ಈಗ ಕರೆಂಟ್ ಬಂತು, ಹೊಲಕ್ಕ ಹೋದ್ರು."